ಕಿವಿಗೆ ನಕ್ಷತ್ರ ಚಿಹ್ನೆ ಕಾಣುವುದಿಲ್ಲ

ಊರಿನ ಎಫ್‌ಎಂ ಕೇಂದ್ರವೊಂದಕ್ಕೆ ಜಾಹೀರಾತು ಬರೆಯುವುದು ನನ್ನ ಕೆಲಸ. ನನ್ನ ಮೇಜಿಗೆ ಬರುವ ಸ್ಕ್ರಿಪ್ಟುಗಳಲ್ಲಿ ಬಹುಪಾಲು ಸ್ಕ್ರಿಪ್ಟುಗಳೇ ಅಲ್ಲ, ಪಾಂಪ್ಲೆಟ್‌ಗಳು. ಅಂಗಡಿಯವರು ಪತ್ರಿಕೆಯೊಳಗೆ ಇಟ್ಟು ಹಂಚಲು ಅಚ್ಚು ಹಾಕಿಸಿದ ಕರಪತ್ರವನ್ನೇ ಕಳಿಸಿ, 'ಇದನ್ನೇ ಓದಿಸಿಬಿಡಿ' ಅನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಆದರೆ ಕೆಲಸ ಕೇಳಿಕೊಂಡು ಬರುವ ಪತ್ರಿಕೋದ್ಯಮ ಪದವೀಧರರ ಮಾದರಿ ಸ್ಕ್ರಿಪ್ಟುಗಳೂ ಹಾಗೆಯೇ ಇರುತ್ತವೆ ಎಂಬುದು ನನ್ನ ತಕರಾರು. ಕಣ್ಣಿಗೆ ಬರೆದದ್ದನ್ನು ಕಿವಿಗೆ ಬದಲಾಯಿಸುವುದೆಂದರೆ ಪದಗಳನ್ನು ಸರಳ ಮಾಡುವುದು ಎಂದೇ ಅನೇಕರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ಕೊನೆಯ ಕೆಲಸ. ಮೊದಲಿನದು ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಅಡುಗೆಮನೆ ಸಾಮಾನು ಮಾರುವ ಅಂಗಡಿಯೊಂದರಿಂದ ಬಂದ ಬರಹ ಇದು. ಅಂಗಡಿಯ ಹೆಸರು ಬೇಡ, ಹೆಸರು ಬರುವ ಕಡೆ 'ನಮ್ಮಂಗಡಿ' ಎಂದು ಓದಿಕೊಳ್ಳಿ.

'ಶ್ರಾವಣ ಮಾಸದ ಪ್ರಯುಕ್ತ ಸುವರ್ಣಾವಕಾಶ! ಕಳೆದ 25 ವರ್ಷಗಳಿಂದ ಗ್ರಾಹಕರ ಸೇವೆಯಲ್ಲಿ ನಿರತವಾಗಿರುವ ನಿಮ್ಮ ನೆಚ್ಚಿನ ನಮ್ಮಂಗಡಿಯಲ್ಲಿ ಮಿಕ್ಸರ್, ವೆಟ್ ಗ್ರೈಂಡರ್, ಗ್ಯಾಸ್ ಸ್ಟೌ, ಕುಕ್ಕರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆ ಮುಂತಾದ ಗೃಹೋಪಯೋಗಿ ಉಪಕರಣಗಳ ಮೇಲೆ ಶೇ 20ರವರೆಗೆ ಭಾರಿ ರಿಯಾಯಿತಿ. ಹಳೆಯ ಮಿಕ್ಸರ್‌ಗೆ ರೂ. 700ರವರೆಗೆ ವಿನಿಮಯ ಸೌಲಭ್ಯ*. ಸುಲಭ ಕಂತುಗಳು ಲಭ್ಯ. ವಿಶಾಲವಾದ ಪಾರ್ಕಿಂಗ್ ವ್ಯವಸ್ಥೆ. ಇಂದೇ ಭೇಟಿ ನೀಡಿ: ನಮ್ಮಂಗಡಿ, 2ನೇ ಅಡ್ಡರಸ್ತೆ, ಮುಖ್ಯರಸ್ತೆ, ಬಸ್ ನಿಲ್ದಾಣದ ಎದುರು. *ಷರತ್ತುಗಳು ಅನ್ವಯ.' ಇದರ ಕೆಳಗೆ ಎರಡು ಮೊಬೈಲ್ ಸಂಖ್ಯೆ.

ಅಚ್ಚಿನಲ್ಲಿ ಇದು ತಪ್ಪೇನಲ್ಲ. ಕಾಗದದ ಮೇಲೆ ಕಣ್ಣು ಓಡಾಡುತ್ತದೆ. ಫ್ಯಾನ್ ಬೇಕಾದವರು ಫ್ಯಾನ್ ಎಂಬಲ್ಲಿ ನಿಲ್ಲುತ್ತಾರೆ, ಉಳಿದದ್ದನ್ನು ಬಿಡುತ್ತಾರೆ, ಬೇಕಾದರೆ ಮತ್ತೆ ಮೇಲಕ್ಕೆ ಹೋಗುತ್ತಾರೆ. ಕಿವಿಗೆ ಆ ಸ್ವಾತಂತ್ರ್ಯ ಇಲ್ಲ. ರೇಡಿಯೊದಲ್ಲಿ ಮಾತು ಒಂದರ ಹಿಂದೆ ಒಂದಾಗಿ ಬರುತ್ತದೆ, ಒಂದೇ ಸಲ ಬರುತ್ತದೆ. ಕೇಳುಗ ಆಟೊ ಓಡಿಸುತ್ತಲೋ ಪಾತ್ರೆ ತೊಳೆಯುತ್ತಲೋ ಇರುತ್ತಾನೆ. ಆರು ಸಾಮಾನಿನ ಹೆಸರು ಹೇಳಿದರೆ ಆರನೆಯದು ಬರುವಷ್ಟರಲ್ಲಿ ಮೊದಲನೆಯದು ಹೋಗಿರುತ್ತದೆ.

ಇನ್ನು ಕಾಲದ ಲೆಕ್ಕ. ನಿಧಾನವಾಗಿ, ಅರ್ಥವಾಗುವಂತೆ ಓದಿದರೆ 30 ಸೆಕೆಂಡಿನಲ್ಲಿ ಹಿಡಿಯುವುದು ಸುಮಾರು 50 ಕನ್ನಡ ಪದ. ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದವಾಗುವುದರಿಂದ ಇಂಗ್ಲಿಷಿನ ಅಳತೆ ಇಲ್ಲಿ ನಡೆಯುವುದಿಲ್ಲ. ಮೇಲಿನ ಕರಪತ್ರವನ್ನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಓದಿ ನೋಡಿ. ಸಂಖ್ಯೆಗಳನ್ನು ಬಾಯಲ್ಲಿ ಹೇಳಲೇಬೇಕಲ್ಲ, ಹಾಗಾಗಿ 30 ಸೆಕೆಂಡಿನೊಳಗೆ ಮುಗಿಯುವುದಿಲ್ಲ. ಹತ್ತು ಅಂಕಿಯ ಒಂದು ಮೊಬೈಲ್ ಸಂಖ್ಯೆಯೇ ನಾಲ್ಕೈದು ಸೆಕೆಂಡ್ ತಿನ್ನುತ್ತದೆ. ರೇಡಿಯೊದಲ್ಲಿ ದರ ಕಟ್ಟುವುದು 10 ಸೆಕೆಂಡಿನ ಲೆಕ್ಕದಲ್ಲಿ. ಅಂದರೆ ಯಾರೂ ಬರೆದುಕೊಳ್ಳದ ಸಂಖ್ಯೆಗಳಿಗೆ ಆ ಅಂಗಡಿಯವರು ಪ್ರತಿ ಪ್ರಸಾರಕ್ಕೂ ದುಡ್ಡು ಕೊಡುತ್ತಿರುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪೆನ್ನಿನಿಂದಲ್ಲ, ಪ್ರಶ್ನೆಯಿಂದ. 'ಇದನ್ನು ಕೇಳಿದವರು ಏನು ಮಾಡಬೇಕು?' ಎಂದು ನಾನು ಮಾಲೀಕರನ್ನು ಕೇಳಿದೆ. 'ಅಂಗಡಿಗೆ ಬರಬೇಕು' ಎಂದರು. ಅದು ಸಾಲದು. 'ಹೋದ ವಾರ ಬಂದವರು ಬಾಗಿಲಲ್ಲೇ ನಿಂತು ಏನು ಕೇಳಿದರು?' ಎಂದೆ. ಅವರು ನಕ್ಕು, 'ಕೆಟ್ಟೋಗಿರೋ ಮಿಕ್ಸಿ ತಗೋತೀರಾ ಅಂತ ಎಲ್ಲರೂ ಕೇಳ್ತಾರೆ' ಎಂದರು. ಜಾಹೀರಾತು ಅಲ್ಲೇ ಇತ್ತು. ಕರಪತ್ರದಲ್ಲಿ ನಾಲ್ಕನೆಯ ಸಾಲಿನಲ್ಲಿ ಅಡಗಿದ್ದ ಮಾತು ಕೇಳುಗರ ಮನಸ್ಸಿನಲ್ಲಿ ಮೊದಲನೆಯದಾಗಿತ್ತು. ಫ್ಯಾನ್, ಕುಕ್ಕರ್, ಕಂತು, ಪಾರ್ಕಿಂಗ್ ಎಲ್ಲವೂ ಆ ಕ್ಷಣಕ್ಕೆ ಹೊರಗೆ ಹೋದವು.

ಎರಡನೆಯ ಪ್ರಶ್ನೆ ನಕ್ಷತ್ರ ಚಿಹ್ನೆಯದು. ಕರಪತ್ರದಲ್ಲಿ '700' ದಪ್ಪಕ್ಷರ, 'ರವರೆಗೆ' ಸಣ್ಣಕ್ಷರ, ಷರತ್ತು ಇನ್ನೂ ಸಣ್ಣದು. ಧ್ವನಿಯಲ್ಲಿ ಸಣ್ಣಕ್ಷರ ಎಂಬುದಿಲ್ಲ. ಆದ್ದರಿಂದ ಕೆಲವರು ಕೊನೆಯಲ್ಲಿ ಷರತ್ತನ್ನು ಉಸಿರು ಬಿಡದೆ ಗಡಗಡ ಓದಿಸುತ್ತಾರೆ. ಅದು ಹೇಳಿದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ. ಹಳೆಯ ಮಿಕ್ಸಿ ಹೊತ್ತು ಬಸ್ಸಿನಲ್ಲಿ ಬಂದವರಿಗೆ ಕೌಂಟರಿನಲ್ಲಿ 'ನಿಮ್ಮದಕ್ಕೆ ಅಷ್ಟು ಬರಲ್ಲ' ಎಂದರೆ ಅವರು ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ನನ್ನ ನಿಲುವು ಇಷ್ಟೇ: ಕೊಡುಗೆಯನ್ನು ಯಾವ ವೇಗದಲ್ಲಿ ಹೇಳುತ್ತೇವೋ ಅದೇ ವೇಗದಲ್ಲಿ ಷರತ್ತನ್ನೂ ಹೇಳಬೇಕು. ಹೇಳಲು ಆಗದಷ್ಟು ಷರತ್ತುಗಳಿದ್ದರೆ ಆ ಕೊಡುಗೆ ರೇಡಿಯೊಗೆ ಬೇಡ.

ಷರತ್ತು ಏನೆಂದು ಬಿಡಿಸಿ ಕೇಳಿದಾಗ ಹೊರಬಂದದ್ದು ಮೂರೇ ಮಾತು. ಹೊಸ ಮಿಕ್ಸಿ ಕೊಳ್ಳಬೇಕು. ಹಳೆಯದರ ಜೊತೆ ಜಾರ್ ತರಬೇಕು. ಮೋಟಾರು ತಿರುಗುತ್ತಿದ್ದರೆ 700 ರೂಪಾಯಿ, ತಿರುಗದಿದ್ದರೆ 300. ಇದನ್ನು ಮುಚ್ಚಿಡುವುದೇಕೆ? ಕೆಟ್ಟ ಮಿಕ್ಸಿಗೂ 300 ಸಿಗುತ್ತದೆ ಎಂಬುದು 'ಏಳುನೂರರವರೆಗೆ' ಎಂಬುದಕ್ಕಿಂತ ಗಟ್ಟಿಯಾದ ಸುದ್ದಿ. ಬದಲಾದ ಸ್ಕ್ರಿಪ್ಟ್ ಹೀಗಾಯಿತು:

(ಸದ್ದು: ಮಿಕ್ಸಿ ತಿರುಗುತ್ತಾ ತಟ್ಟನೆ ನಿಲ್ಲುತ್ತದೆ, 2 ಸೆಕೆಂಡ್)

ಮಗ: ಅಮ್ಮಾ, ಮಿಕ್ಸಿ ನಿಂತೋಯ್ತು! ಗುಜರಿಗೆ ಹಾಕ್ಲಾ?

ಅಮ್ಮ: ಬೇಡ್ವೋ. ನಮ್ಮಂಗಡಿಗೆ ತಗೊಂಡ್ಹೋಗು. ಹೊಸ ಮಿಕ್ಸಿ ತಗೊಂಡ್ರೆ, ಹಳೇದಕ್ಕೆ ದುಡ್ಡು ಕಳೀತಾರೆ.

ಮಗ: ಇದು ತಿರುಗೋದೇ ಇಲ್ವಲ್ಲ!

ಅಮ್ಮ: ತಿರುಗಿದ್ರೆ ಏಳುನೂರು. ತಿರುಗದಿದ್ರೂ ಮುನ್ನೂರು.

ನಿರೂಪಕಿ: ನಮ್ಮಂಗಡಿ, ಬಸ್ ಸ್ಟ್ಯಾಂಡ್ ಎದುರು. ಹಳೇ ಮಿಕ್ಸಿ ತನ್ನಿ, ಹೊಸ ಮಿಕ್ಸಿ ಒಯ್ಯಿರಿ. ಗೌರಿ ಹಬ್ಬದವರೆಗೆ ಮಾತ್ರ.

ಮಗ: ನಮ್ಮಂಗಡಿ ಅಂದ್ರೆ, ಬಸ್ ಸ್ಟ್ಯಾಂಡ್ ಎದುರಿಂದು ತಾನೇ?

ಅಮ್ಮ: ಹೂಂ. ಜಾರ್ ಮರೀಬೇಡ!

ಪದಗಳು 50ರ ಒಳಗೆ. ಅಂಗಡಿಯ ಹೆಸರು ಮೂರು ಸಲ, ಜಾಗ ಎರಡು ಸಲ ಬಂದಿದೆ. ಅಚ್ಚಿನಲ್ಲಿ ಒಂದೇ ಮಾತನ್ನು ಮತ್ತೆ ಬರೆದರೆ ದಂಡ ಅನ್ನಿಸುತ್ತದೆ. ಕಿವಿಗೆ ಮಾತ್ರ ಹಿಂದಕ್ಕೆ ಹೋಗಿ ನೋಡುವ ದಾರಿ ಇದೊಂದೇ. ಆದರೆ ಹೆಸರನ್ನು ಸುಮ್ಮನೆ ಮೂರು ಸಲ ಕೂಗಿಸಿದರೆ ಅದು ಸದ್ದಾಗುತ್ತದೆ. ಪ್ರತಿ ಸಲವೂ ಯಾರೋ ಅದನ್ನು ಹೇಳಲು ಕಾರಣ ಇರಬೇಕು. ಇಲ್ಲಿ ಅಮ್ಮ ದಾರಿ ಹೇಳುತ್ತಾಳೆ, ನಿರೂಪಕಿ ವಿಳಾಸ ಕೊಡುತ್ತಾಳೆ, ಮಗ ಖಚಿತ ಮಾಡಿಕೊಳ್ಳುತ್ತಾನೆ. ವಿಳಾಸದಲ್ಲಿ ಅಡ್ಡರಸ್ತೆಯ ಸಂಖ್ಯೆ ಹೋಗಿ ಬಸ್ ಸ್ಟ್ಯಾಂಡ್ ಮಾತ್ರ ಉಳಿಯಿತು. ದಾರಿ ಕೇಳುವಾಗ ಜನ ಬಳಸುವುದು ಅದನ್ನೇ.

ಇಬ್ಬರ ಮಾತಾಗಿ ಬರೆದ ಮಾತ್ರಕ್ಕೆ ಅದು ಕಿವಿಯ ಬರಹವಾಗುವುದಿಲ್ಲ. 'ಅಮ್ಮಾ, ಗೃಹೋಪಯೋಗಿ ಉಪಕರಣಗಳ ಮೇಲೆ ಭಾರಿ ರಿಯಾಯಿತಿ ಇದೆಯಂತೆ!' ಎಂದು ಯಾವ ಮಗನೂ ಮನೆಯಲ್ಲಿ ಹೇಳುವುದಿಲ್ಲ. ಅದು ಕರಪತ್ರವನ್ನು ಇಬ್ಬರಿಗೆ ಹಂಚಿಕೊಟ್ಟಂತೆ. ಪರೀಕ್ಷೆ ಸುಲಭ: ಅಂಗಡಿಯ ಹೆಸರು ತೆಗೆದು ಓದಿದರೂ ಅದು ಇಬ್ಬರು ಮನುಷ್ಯರ ಮಾತಿನಂತೆ ಕೇಳಬೇಕು. ಇದೇ ಕಾರಣಕ್ಕೆ ಮೇಲಿನ ಸಂಭಾಷಣೆ ಮೈಸೂರು, ಮಂಡ್ಯ ಕಡೆಗೆ ಸರಿ. ಹುಬ್ಬಳ್ಳಿ ಅಥವಾ ಮಂಗಳೂರಿಗಾದರೆ ಅಲ್ಲಿನವರ ಬಾಯಿಂದಲೇ ಮತ್ತೆ ಬರೆಸಬೇಕು.

ಕನ್ನಡದ್ದೇ ಆದ ಇನ್ನೊಂದು ತೊಡಕು ವಾಕ್ಯದ ಜೋಡಣೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳು ಹೆಸರಿನ ಮುಂದೆ ಸಾಲುಗಟ್ಟುತ್ತವೆ. 'ಕಳೆದ 25 ವರ್ಷಗಳಿಂದ ಗ್ರಾಹಕರ ಸೇವೆಯಲ್ಲಿ ನಿರತವಾಗಿರುವ ನಿಮ್ಮ ನೆಚ್ಚಿನ' ಎಂಬಷ್ಟನ್ನು ಕೇಳುಗ ಯಾವುದರ ಬಗ್ಗೆ ಎಂದು ತಿಳಿಯದೆಯೇ ಹೊತ್ತುಕೊಂಡಿರಬೇಕು. ಹೆಸರು ಬರುವಷ್ಟರಲ್ಲಿ ಅವನ ಗಮನ ಜಾರಿರುತ್ತದೆ. 'ತಿರುಗಿದ್ರೆ ಏಳುನೂರು' ಎಂಬುದರಲ್ಲಿ ಕಾಯುವ ಕೆಲಸವಿಲ್ಲ.

ಸಂಖ್ಯೆಗಳನ್ನು ಬಾಯಿಯಲ್ಲಿ ಹೇಳಿ ನೋಡದೆ ಬರೆಯಬಾರದು. 20 ಮತ್ತು 70 ಕಾಗದದ ಮೇಲೆ ಬೇರೆ ಬೇರೆ. ಆದರೆ ಬಸ್ಸಿನ ಗದ್ದಲದಲ್ಲಿ 'ಇಪ್ಪತ್ತು' ಮತ್ತು 'ಎಪ್ಪತ್ತು' ಹೆಚ್ಚುಕಡಿಮೆ ಒಂದೇ. ಶೇ 20 ರಿಯಾಯಿತಿ ಕೇಳಿ 70 ಎಂದುಕೊಂಡು ಬಂದವರ ಜೊತೆ ಜಗಳವಾದರೆ ತಪ್ಪು ಕೇಳುಗರದ್ದಲ್ಲ. 'ಏಳುನೂರು', 'ಮುನ್ನೂರು' ಎಂಬೆರಡರ ಆರಂಭವೇ ಬೇರೆ, ಗೊಂದಲವಿಲ್ಲ.

ಮೊಬೈಲ್ ಸಂಖ್ಯೆ ಕೈಬಿಟ್ಟದ್ದಕ್ಕೆ ಮಾಲೀಕರು ಸುಲಭವಾಗಿ ಒಪ್ಪಲಿಲ್ಲ. ಇಂಥ ವಾದ ಪ್ರತಿ ಸಲವೂ ಇರುತ್ತದೆ, ಅವರ ಕಡೆಗೂ ನ್ಯಾಯವಿದೆ. ನೀರಿನ ಟ್ಯಾಂಕರ್ ಕಳಿಸುವವರಿಗೆ, ಮನೆಗೆ ಬಂದು ರಿಪೇರಿ ಮಾಡುವವರಿಗೆ ಅಂಗಡಿಯ ಜಾಗಕ್ಕಿಂತ ಸಂಖ್ಯೆಯೇ ಮುಖ್ಯ. ಆಗ ಬೇರೆಲ್ಲ ಬಿಟ್ಟು ಒಂದೇ ಸಂಖ್ಯೆಯನ್ನು, ಎರಡೆರಡು ಅಂಕಿಯಾಗಿ ಬಿಡಿಸಿ, ಎರಡು ಸಲ ಹೇಳಬೇಕು. ಜನ ನಡೆದು ಬರಬಹುದಾದ ಅಂಗಡಿಗೆ ಅದು ಬೇಡ. ವಿವರ ಬೇಕಾದವರಿಗೆ ಅವರ ಕರಪತ್ರ ಇದ್ದೇ ಇದೆಯಲ್ಲ.

ಬರೆದದ್ದು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಸ್ಟುಡಿಯೊ ಬೇಕಿಲ್ಲ. ಮನೆಯವರೊಬ್ಬರು ಬೆನ್ನು ತಿರುಗಿಸಿ ಏನೋ ಕೆಲಸದಲ್ಲಿರುವಾಗ, ನಲ್ಲಿ ನೀರು ಬಿಟ್ಟಿರುವಾಗ, ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದನ್ನು ಒಂದೇ ಸಲ ಕೇಳಿಸಿ. ಐದು ನಿಮಿಷ ಬಿಟ್ಟು, ಎಲ್ಲಿ, ಏನು, ಎಲ್ಲಿಯವರೆಗೆ ಎಂದು ಮೂರು ಪ್ರಶ್ನೆ ಕೇಳಿ. 'ಯಾವುದೋ ಮಿಕ್ಸಿ ಅಂಗಡಿದು' ಎಂದರೆ ನಾಟಕ ಗೆದ್ದಿದೆ, ಹೆಸರು ಸೋತಿದೆ. 'ಏನೋ ಡಿಸ್ಕೌಂಟು' ಎಂದರೆ ಕರಪತ್ರ ಇನ್ನೂ ಒಳಗೇ ಉಳಿದಿದೆ ಎಂದರ್ಥ.

ರೇಡಿಯೊ ಕೇಂದ್ರಕ್ಕೆ ಕೆಲಸಕ್ಕೆ ಅರ್ಜಿ ಹಾಕುವವರು ಮಾದರಿ ಸ್ಕ್ರಿಪ್ಟನ್ನು ಅಂದವಾಗಿ ಟೈಪ್ ಮಾಡಿ ಕಳಿಸಿದರೆ ನಾವು ನೋಡುತ್ತೇವೆ. ಅದರ ಜೊತೆ ಮೂಲ ಕರಪತ್ರವನ್ನೂ ಇಟ್ಟು, ಯಾವ ಸಾಲನ್ನು ಏಕೆ ಬಿಟ್ಟೆ ಎಂದು ಎರಡು ಮಾತು ಬರೆದರೆ ಕುಳಿತು ಓದುತ್ತೇವೆ. ಇಂಪಾದ ಸಾಲು ಬರೆಯುವವರು ಸಿಗುತ್ತಾರೆ. ಮಾಲೀಕರ ಎದುರು ಕೂತು ಐದು ಸಾಮಾನನ್ನು ಪಟ್ಟಿಯಿಂದ ತೆಗೆಸುವವರು, ನಕ್ಷತ್ರ ಚಿಹ್ನೆಯ ಹಿಂದೇನಿದೆ ಎಂದು ಕೇಳುವವರು ಅಪರೂಪ.