ಮದುವೆ ಅಡ್ವಾನ್ಸ್ ಪಡೆದು ನಾಪತ್ತೆ: ರಶೀದಿ ಇದ್ದರೆ ಸಾಕೇ?

‘ರಶೀದಿ ಇದೆ, ಅಡ್ವಾನ್ಸ್ ಎಲ್ಲಿಗೂ ಹೋಗಲ್ಲ’ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ನಿಜ. ರಶೀದಿ ಹಣ ಕೊಟ್ಟದ್ದಕ್ಕೆ ಸಾಕ್ಷಿ. ಪಡೆದವರು ನಿಜಕ್ಕೂ ಯಾರು, ಎಲ್ಲಿ ಸಿಗುತ್ತಾರೆ ಎಂಬುದಕ್ಕಲ್ಲ.

ವರದಮೂಲ, ಹೊಸನಗರ, ತೀರ್ಥಹಳ್ಳಿ ಕಡೆ ಅಡುಗೆ ಭಟ್ಟರನ್ನು ಬಾಯಿಮಾತಿನಲ್ಲೇ ಗೊತ್ತು ಮಾಡುವುದುಂಟು. ಅವರ ಮನೆ ಊರಿಗೇ ಗೊತ್ತಿರುವುದರಿಂದ ಅದು ನಡೆಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಕಂಡವರ ಮೇಲೂ ಅದೇ ನಂಬಿಕೆ ಇಟ್ಟರೆ ಕಷ್ಟ.

ಒಂದು ಉದಾಹರಣೆ ನೋಡೋಣ. ಸಾಗರದ ಕುಟುಂಬವೊಂದಕ್ಕೆ ಬೆಂಗಳೂರಿನ ಫೋಟೊಗ್ರಾಫರ್ 80,000 ರೂಪಾಯಿ ಹೇಳಿ, ‘ವೈಶಾಖದ ಮುಹೂರ್ತ, ಇವತ್ತೇ 40,000 ಹಾಕಿ’ ಎನ್ನುತ್ತಾನೆ ಎಂದುಕೊಳ್ಳಿ. ಹಣ ಕಳಿಸುವ ಮೊದಲು ಯುಪಿಐ ಪರದೆ ತೋರಿಸುವ ಹೆಸರು ಓದಿ. ಸ್ಟುಡಿಯೋ ಹೆಸರೋ ಮಾಲೀಕರ ಹೆಸರೋ ಬರದೆ ಸಂಬಂಧವಿಲ್ಲದ ಮೂರನೆಯವರ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಆಮೇಲೆ ಅವರು ತೋರಿಸಿದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ವಧುವರರು ಬೇರೆ ಸ್ಟುಡಿಯೋದ ಪುಟದಲ್ಲಿ ಕಂಡರೆ ಕೆಲಸ ಕದ್ದದ್ದಿರಬಹುದು. ಏನೂ ಸಿಗದಿದ್ದರೆ ನಂಬಬಹುದು ಎಂದೂ ಅಲ್ಲ. ಅವರು ಇತ್ತೀಚೆಗೆ ಕೆಲಸ ಮಾಡಿದ ಛತ್ರದ ಹೆಸರು ಕೇಳಿ, ಆ ಛತ್ರದವರ ನಂಬರ್ ನೀವೇ ಹುಡುಕಿ ಫೋನ್ ಮಾಡಿ. ಅವರೇ ಕೊಟ್ಟ ನಂಬರ್‌ನಲ್ಲಿ ಅವರ ಗೆಳೆಯನೇ ಮಾತಾಡಬಹುದು!

ಕೇಟರಿಂಗ್‌ನವರಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೇಳಿ, foscos.fssai.gov.in ನಲ್ಲಿ ಹುಡುಕಿ ಹೆಸರು, ವಿಳಾಸ ತಾಳೆ ನೋಡಿ. ಇದು ಪ್ರಾಮಾಣಿಕತೆಯ ಪ್ರಮಾಣಪತ್ರವಲ್ಲ, ವಿಳಾಸ ಮಾತ್ರ ಸಿಗುತ್ತದೆ. ಛತ್ರವಾದರೆ ಹೋಗಿ, ನಿಮ್ಮ ತಾರೀಕನ್ನು ಬುಕಿಂಗ್ ಪುಸ್ತಕದಲ್ಲಿ ನಿಮ್ಮೆದುರೇ ಬರೆಸಿ.

ವಿಳಾಸಕ್ಕೆ ಇಷ್ಟು ಒತ್ತು ಯಾಕೆ? 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಸಾಗರದವರು ಬೆಂಗಳೂರಿಗೆ ಅಲೆಯದೆ ಶಿವಮೊಗ್ಗದ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಆದರೆ ಎದುರುದಾರರಿಗೆ ನೋಟಿಸ್ ತಲುಪಬೇಕಲ್ಲ! ವಿಳಾಸವೇ ಸುಳ್ಳಾದರೆ ಕೇಸು ಅಲ್ಲೇ ಕುಂಟುತ್ತದೆ.

‘ಇದು ಸಿವಿಲ್ ವ್ಯವಹಾರ, ಪೊಲೀಸರಿಗೆ ಸಂಬಂಧವಿಲ್ಲ’ ಎಂಬುದೂ ಪೂರ್ತಿ ಸರಿಯಲ್ಲ. ಒಪ್ಪಿದ ಕೆಲಸ ಮಾಡದೇ ಹೋದದ್ದಷ್ಟೇ ವಂಚನೆಯಾಗದು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಅಪರಾಧ. ಒಂದೇ ತಾರೀಕಿಗೆ ನಾಲ್ಕು ಮನೆಯಿಂದ ಅಡ್ವಾನ್ಸ್ ಪಡೆದದ್ದು, ಕದ್ದ ಫೋಟೊ, ಸುಳ್ಳು ವಿಳಾಸ ಇವೆಲ್ಲ ಆ ಉದ್ದೇಶಕ್ಕೆ ಪುರಾವೆ. ಚಾಟ್ ಅಳಿಸಬೇಡಿ. ಆನ್‌ಲೈನ್‌ನಲ್ಲಿ ಹಣ ಕಳಿಸಿದ ಕೂಡಲೇ ಮೋಸವೆಂದು ತಿಳಿದರೆ 1930ಕ್ಕೆ ಕರೆ ಮಾಡಿ. ಹಣ ಆ ಖಾತೆಯಿಂದ ಇನ್ನೂ ಹೊರಹೋಗಿರದಿದ್ದರೆ ತಡೆಹಿಡಿಸಲು ಅವಕಾಶವಿದೆ. ಮದುವೆ ದಿನ ಬಂದು ಫೋನ್ ಸ್ವಿಚ್ ಆಫ್ ಆದ ಮೇಲೆ ಸಾಮಾನ್ಯವಾಗಿ ಆ ಖಾತೆಯಲ್ಲಿ ತಡೆಯಲು ಏನೂ ಉಳಿದಿರುವುದಿಲ್ಲ.