ಕುಂಟೆ ಹಿಡಿದವನ ಕಣ್ಣಿಗೂ ಗಾಜು ಬೇಕು

ಮುಂಗಾರಿಗೆ ಮೊದಲು ದೇವದುರ್ಗ, ಮಾನ್ವಿ, ರಾಯಚೂರಿನ ವೆಲ್ಡಿಂಗ್ ಅಂಗಡಿಗಳಿಗೆ ಕುಂಟೆ, ಕೂರಿಗೆ ಹೊತ್ತು ಹೋಗ್ತೀವಿ. ವೆಲ್ಡರನ ಮುಖಕ್ಕೆ ಕಪ್ಪು ಗಾಜು ಇರ್ತದ. ಕುಂಟೆ ಅಲುಗದಂಗ ಹಿಡಿದ ರೈತನಿಗೆ ಏನೂ ಇಲ್ಲ. ಇದು ಸರಿಯಲ್ಲ.

ಆ ಬೆಳಕಿನೊಳಗೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇರುತ್ತದೆ. ಕಣ್ಣುಗುಡ್ಡೆಯ ಮೇಲ್ಪದರವನ್ನು ಅದು ಸುಡುತ್ತದೆ. ಆಗಲೇ ನೋವಾಗುವುದಿಲ್ಲ, ಅದೇ ಮೋಸ. ಸಂಜೆ 4ಕ್ಕೆ ಕುಂಟೆ ಹಿಡಿದ ನಮ್ಮೂರ ಹುಡುಗನೊಬ್ಬನಿಗೆ ರಾತ್ರಿ 11ಕ್ಕೆ ಕಣ್ಣಾಗ ಉಸುಕು ಬಿದ್ದಂಗ ಚುಚ್ಚಿ, ನೀರು ಸುರಿಯಿತು. ದೀಪ ನೋಡಲಿಕ್ಕೆ ಆಗಲಿಲ್ಲ.

ಹೀಗಾದಾಗ ಕಣ್ಣು ತಿಕ್ಕಬಾರದು, ಮೊಲೆಹಾಲು, ಎಣ್ಣೆ ಹಾಕಬಾರದು. ಮುಚ್ಚಿದ ರೆಪ್ಪೆ ಮೇಲೆ ತಣ್ಣೀರಿನ ಬಟ್ಟೆ ಇಟ್ಟು ಕತ್ತಲಲ್ಲಿ ಮಲಗಬೇಕು. ಸಾಮಾನ್ಯವಾಗಿ 2 ದಿನದೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ನೋಟ ಮಂಜಾದರೆ, ಒಂದೇ ಕಣ್ಣು ನೋಯುತ್ತಿದ್ದರೆ ತಡಮಾಡದೆ ಕಣ್ಣಿನ ಡಾಕ್ಟರರಿಗೆ ತೋರಿಸಬೇಕು. ಕಬ್ಬಿಣದ ಚೂರು ಸಿಕ್ಕಿರಬಹುದು.

ಕುಂಟೆಯನ್ನು ಮನುಷ್ಯ ಹಿಡಿಯಲೇಬೇಕೆಂದಿಲ್ಲ, ಕ್ಲಾಂಪ್ ಹಾಕಿ ಬಿಗಿದರೆ ಸಾಕು. ಹಿಡಿಯಲೇಬೇಕಾದರೆ ಅವನಿಗೂ ವೆಲ್ಡಿಂಗ್ ಗಾಜಿನ ಮುಖವಾಡ, ತುಂಬುತೋಳಿನ ಅಂಗಿ ಬೇಕು. ಸಂತೆಯ ಕಪ್ಪು ಚಾಳೀಸು ಇದಕ್ಕೆ ಸಾಲದು. ಸುಣ್ಣದ ಗೋಡೆಗೆ ಬಡಿದ ಬೆಳಕೂ ತಿರುಗಿ ಬರುತ್ತದೆ, ಬೆನ್ನು ಮಾಡಿದೆನೆಂದು ಹತ್ತಿರ ನಿಲ್ಲಬಾರದು. ದಾರಿಯ ಜನಕ್ಕೆ, ಮಕ್ಕಳಿಗೆ ಮರೆಯಾಗುವಂತೆ ಆಳೆತ್ತರದ ತಗಡು ನಿಲ್ಲಿಸಬೇಕು.

ರೊಕ್ಕ ಕೊಡೋರು ನಾವು. ಎರಡನೇ ಮುಖವಾಡ, ತಗಡಿನ ಮರೆ ಇಲ್ಲದ ಅಂಗಡ್ಯಾಗ ಕುಂಟೆ ಇಳಿಸೋದು ಬ್ಯಾಡ ಅಂತೀನಿ.