‘ಸಾರ್ಥಕ’ವೆಂದ ಮಾತ್ರಕ್ಕೆ

ಸಂಶೋಧನಾ ವರದಿಯಲ್ಲಿ ‘ಫಲಿತಾಂಶ ಸಾರ್ಥಕ’ ಎಂಬುದನ್ನಷ್ಟೇ ಓದಿ ತೃಪ್ತರಾಗುವುದು ಸಲ್ಲದು. ಅಮೆರಿಕದ 22,071 ಪುರುಷ ವೈದ್ಯರ ಮೇಲೆ ನಡೆದ, 1989ರಲ್ಲಿ ಅಂತಿಮ ವರದಿ ಪ್ರಕಟವಾದ ಆಸ್ಪಿರಿನ್ ಪರೀಕ್ಷೆಯನ್ನೇ ನೋಡೋಣ. ಸುಮಾರು ಐದು ವರ್ಷಗಳಲ್ಲಿ ಹುಸಿಗುಳಿಗೆಯ ತಂಡದಲ್ಲಿ 239 ಮಂದಿಗೆ, ಅಷ್ಟೇ ದೊಡ್ಡದಾದ ಆಸ್ಪಿರಿನ್ ತಂಡದಲ್ಲಿ 139 ಮಂದಿಗೆ ಹೃದಯಾಘಾತವಾಯಿತು. ಇದು ಕೇವಲ ಆಕಸ್ಮಿಕವೆನ್ನಲಾಗದು, ‘ಸಾರ್ಥಕ’ವೇ ಸರಿ. ಆದರೆ ಲಾಭವೆಷ್ಟು? ಸಾವಿರ ಮಂದಿಯಲ್ಲಿ ಸುಮಾರು 9 ಹೃದಯಾಘಾತಗಳು ಕಡಿಮೆಯಾದವು. ಈ ಪ್ರಮಾಣದ ಅನಿಶ್ಚಿತತೆಯನ್ನು ಸೂಚಿಸುವ ಶೇಕಡಾ 95ರ ವಿಶ್ವಾಸಾಂತರ ಸುಮಾರು 6ರಿಂದ 12. ಗುಳಿಗೆ ನುಂಗುವವನಿಗೆ ಬೇಕಾದುದು ಈ ಲೆಕ್ಕವೇ.

ಅದೇ ಪರೀಕ್ಷೆಯಲ್ಲಿ ಪಾರ್ಶ್ವವಾಯು ಹುಸಿಗುಳಿಗೆಯವರಲ್ಲಿ 98, ಆಸ್ಪಿರಿನ್‌ನವರಲ್ಲಿ 119. ಈ ವ್ಯತ್ಯಾಸ ‘ಸಾರ್ಥಕವಲ್ಲ’. ಹಾಗೆಂದು ಅಪಾಯವಿಲ್ಲವೆನ್ನಬಹುದೆ? ಅಲ್ಲಿನ ವಿಶ್ವಾಸಾಂತರವು ಶೇಕಡಾ 7ರ ಇಳಿಕೆಯಿಂದ ಶೇಕಡಾ 60ರ ಏರಿಕೆಯವರೆಗೂ ಚಾಚಿತ್ತು.